ನೀರು ಕಾಣದ ಕುರ್ತಾ

ಡ್ರೈವಿಂಗ್ ಮೇಷ್ಟ್ರ ಪಕ್ಕದಲ್ಲಿ ದಿನವಿಡೀ ಯಾರಾದರೊಬ್ಬರು ಕೂತೇ ಇರುತ್ತಿದ್ದರು. ಬೆಳಗ್ಗೆ ಬ್ಯಾಂಕಿನ ಹುಡುಗಿ, ಆಮೇಲೆ ಬೇಕರಿಯವನು, ಮಧ್ಯಾಹ್ನಕ್ಕೆ ಕ್ಲಚ್ಚಿನ ಮೇಲೆ ಹಾವು ತುಳಿದವಳಂತೆ ಕಾಲಿಟ್ಟು ತೆಗೆಯುವ ನಿವೃತ್ತ ನರ್ಸಮ್ಮ. ಆದರೂ ಅವರಷ್ಟು ಒಂಟಿ ಮನುಷ್ಯ ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಪಕ್ಕದಲ್ಲಿ ಕೂತವರೆಲ್ಲ ರಸ್ತೆ ನೋಡಬೇಕು, ಮೇಷ್ಟ್ರ ಮುಖ ನೋಡಿದರೆ ಮೇಷ್ಟ್ರೇ ಬೈಯುತ್ತಾರೆ. ಸಂಜೆ ಮನೆಗೆ ಬಂದರೆ ನೋಡುವುದಕ್ಕೆ ಗೋಡೆ, ಬೈಯುವುದಕ್ಕೂ ಗೋಡೆ.

ಹೆಂಡತಿ ಹೋದದ್ದು ಬೇಸಿಗೆಯಲ್ಲಿ. ತಲೆಯೊಳಗೆ ಗಡ್ಡೆ ಬೆಳೆದು, ಕೊನೆಕೊನೆಗೆ ಆಕೆಗೆ ಒಂದು ಗಳಿಗೆ ನೆನಪಿದ್ದರೆ ಇನ್ನೊಂದು ಗಳಿಗೆ ಇಲ್ಲ. ಒಂದು ಮಧ್ಯಾಹ್ನ ಕಾಫಿ ಹಿಡಿದು ಬಂದ ಗಂಡನನ್ನು ನೋಡಿ, ಬಹಳ ಮರ್ಯಾದೆಯಿಂದ, "ಕೂತ್ಕೊಳ್ಳಿ, ನಮ್ಮನೆಯವರು ಇನ್ನೇನು ಬರ್ತಾರೆ" ಅಂದಿದ್ದಳು. ಮೇಷ್ಟ್ರು ಕೂತಿದ್ದರು. ಬೇರೇನು ಮಾಡುವುದು? ಮನೆಯವರು ಬರುವ ತನಕ ಕೂತಿರಬೇಕು ಅಂತ ಸುಮ್ಮನೆ ಕೂತೇ ಇದ್ದರು. ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಆ ದಿನಗಳಲ್ಲೇ ಆಕೆ ಹಟ ಹಿಡಿದು ಎರಡು ಕುರ್ತಾ ಹೊಲಿದಿದ್ದಳು, ಒಂದು ಕಡುನೀಲಿ, ಒಂದು ಕಡುಗೆಂಪು. ಮದುವೆಯಾದಾಗಿನಿಂದ ಮೇಷ್ಟ್ರ ಮೈಮೇಲೆ ಅಂಗಡಿಯ ಹೊಲಿಗೆ ಬಿದ್ದದ್ದಿಲ್ಲ. ಆಕೆ ಟೇಪು ಹಿಡಿದು ಅಳತೆ ತೆಗೆದದ್ದೂ ಇಲ್ಲ. "ನಿಮ್ಮ ಅಳತೆ ನನ್ನ ಕೈಲೇ ಇದೆ ರೀ" ಅನ್ನುತ್ತಿದ್ದಳು. ತೋಳು ಮಣಿಕಟ್ಟಿನ ಮೂಳೆಗೆ ಬಂದು ನಿಲ್ಲಬೇಕು, ಗಡಿಯಾರದ ಪಟ್ಟಿ ಕಾಣಬೇಕು. ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ.

ಆಕೆ ಹೋದ ಮೇಲೆ ಬೀರು ತೆಗೆದು ನೀಲಿಯದನ್ನು ತೊಟ್ಟು ನೋಡಿದರೆ ತೋಳು ಅಂಗೈ ಮುಚ್ಚುತ್ತಿತ್ತು. ಗೇರು ಹಾಕುವಾಗ ಕೈಗೆ ತೊಡರುವಷ್ಟು ಉದ್ದ. ಕೆಳಗಡೆಯೂ ಮೂರು ಬೆರಳು ಹೆಚ್ಚು. ಕೆಂಪಿನದೂ ಹಾಗೇ. ಯಾರೋ ಎತ್ತರದ ಗಂಡಸಿಗೆ ಹೊಲಿದ ಹಾಗಿತ್ತು.

ಹಾಗಾದರೆ ಕೈಯೂ ಮರೆತುಬಿಟ್ಟಿತ್ತು, ಅಂದುಕೊಂಡರು ಮೇಷ್ಟ್ರು. ಬಾಯಿ ಮರೆತದ್ದನ್ನು ಅವರು ಹೇಗೋ ಸಹಿಸಿಕೊಂಡಿದ್ದರು. ಇದನ್ನು ಸಹಿಸಲಾಗಲಿಲ್ಲ. ದುಃಖ ಬಂದರೆ ಸಿಡುಕುವ ಜಾತಿ ಅವರದು. ನೀಲಿ ಕುರ್ತಾ ಎತ್ತಿಕೊಂಡು ಮೂಲೆಯ ದರ್ಜಿ ಅಂಗಡಿಗೆ ಹೋದರು.

ದರ್ಜಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, "ಇದು ನೀರು ಕಂಡಿದೆಯಾ ಸಾರ್?" ಎಂದ.

"ಏನಪ್ಪಾ ನಿನ್ನ ತಲೆಹರಟೆ? ಉದ್ದ ಆಗಿದೆ, ಕತ್ತರಿಸು."

"ಒಳಗೆ ಮಡಚಿ ಹೊಲೀಲಾ? ಬೇಕಾದ್ರೆ ಬಿಚ್ಕೋಬಹುದು."

"ಕತ್ತರಿಸು ಅಂದೆ."

ದರ್ಜಿ ಕತ್ತರಿಸಿದ. ಗಿರಾಕಿಯೇ ದೇವರು, ದೇವರ ತಲೆ ಕೆಟ್ಟರೆ ಅವನೇನು ಮಾಡಿಯಾನು? ಕುರ್ತಾ ಈಗ ಹೇಳಿ ಮಾಡಿಸಿದಂತೆ ಕೂತಿತು. ಮೇಷ್ಟ್ರು ವಾರವಿಡೀ ಅದನ್ನೇ ತೊಟ್ಟರು. ಬಿಳಿ ಬನಿಯನ್ನಿನ ಕಂಕುಳಲ್ಲಿ ನೀಲಿ ಹತ್ತಿದ್ದನ್ನು ನೋಡಿಯೂ ನೋಡದಂತಿದ್ದರು. ಭಾನುವಾರ ಕುರ್ತಾ, ಬನಿಯನ್ನು, ಟವೆಲ್ಲು ಎಲ್ಲವನ್ನೂ ಒಂದೇ ಬಕೆಟ್ಟಿಗೆ ತುರುಕಿ, ಕೊಳೆ ಚೆನ್ನಾಗಿ ಬಿಡಲಿ ಅಂತ ಕುದಿಯುವ ನೀರು ಸುರಿದು, ಒಂದು ಮುಷ್ಟಿ ಸೋಪಿನ ಪುಡಿ ಹಾಕಿ, ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದರು. ಬಕೆಟ್ಟಿನಲ್ಲಿದ್ದದ್ದು ನೀರಲ್ಲ, ಶಾಯಿ. ಬನಿಯನ್ನುಗಳೆಲ್ಲ ಆಕಾಶದ ಬಣ್ಣಕ್ಕೆ ತಿರುಗಿದ್ದವು. ಅದು ಹಾಳಾಗಿಹೋಗಲಿ. ಒಣಗಿದ ಕುರ್ತಾ ತೊಟ್ಟರೆ ತೋಳು ಮಣಿಕಟ್ಟು ಬಿಟ್ಟು ಮೊಣಕೈ ಕಡೆಗೆ ಹೊರಟಿತ್ತು.

ಮೇಷ್ಟ್ರು ನಾದಿನಿಗೆ ಫೋನು ಮಾಡಿದರು. ದೂರದ ಊರಿನಲ್ಲಿದ್ದ ಆಕೆ, ಹೆಂಡತಿಯ ತಂಗಿ, ಕೊನೆಯ ದಿನಗಳಲ್ಲಿ ಬಂದು ಇದ್ದು ಹೋಗಿದ್ದಳು.

"ಅಯ್ಯೋ ಭಾವ! ಕತ್ತರಿಸಿ ಆಮೇಲೆ ಒಗೆದ್ರಾ?"

"ಉದ್ದ ಆಗಿತ್ತು. ನಿಮ್ಮಕ್ಕ ಅಳತೆ ಮರೆತಿದ್ಲು."

"ಭಾವ, ಅಕ್ಕ ಹೊಸ ಬಟ್ಟೇನ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೇನೇ ಕತ್ತರಿ ಹಾಕ್ತಿದ್ದಿದ್ದು. ಮಗ್ಗದ ಹತ್ತಿ ಅಲ್ವಾ, ಮೊದಲ ನೀರಿಗೇ ಕುಗ್ಗುತ್ತೆ. ಈ ಸಲ ಒದ್ದೆ ಬಟ್ಟೆ ಎತ್ತೋಕೆ ಕೈಲಾಗಲ್ಲ ಅಂತ ನೆನೆಸದೇನೇ ಕತ್ತರಿಸಿದ್ಲು. ನಾನು ನೆನೆಸಿಕೊಡ್ತೀನಿ ಅಂದ್ರೆ ಬಿಡಲಿಲ್ಲ."

"ಅಂದ್ರೆ ಬೇಕು ಅಂತಲೇ ಉದ್ದ ಬಿಟ್ಟಿದ್ಲಾ?"

"ಬಿಟ್ಟಿರಬಹುದು. ನನಗೆ ಹೇಳಲಿಲ್ಲ ಭಾವ, ಸುಳ್ಳು ಯಾಕೆ ಹೇಳಲಿ. ಆವತ್ತು ನನ್ನನ್ನೇ ಅಮ್ಮ ಅಂತ ಕರೀತಿದ್ಲು. ಕೆಂಪಿಂದು ಇದೆಯಲ್ಲ, ಒಗೆದು ನೋಡಿ."

"ಉಪ್ಪು ಹಾಕಬೇಕಂತೆ, ಬಣ್ಣ ಹೋಗಲ್ವಂತೆ?"

"ಉಪ್ಪು ಅಡುಗೆಗೆ ಹಾಕ್ಕೊಳ್ಳಿ. ಅದೊಂದನ್ನೇ ಒಗೀರಿ, ಬೇರೆ ಏನೂ ಜೊತೆಗೆ ಬೇಡ. ಒಳಗು ಹೊರಗು ಮಾಡಿ. ತಣ್ಣೀರು, ಚೂರೇ ಚೂರು ಸೋಪು. ಹೊತ್ತುಗಟ್ಟಲೆ ನೆನೆಹಾಕಿ ಮಲಗಬೇಡಿ. ನೀರು ತಿಳಿಯಾಗೋ ತನಕ ಜಾಲಿಸಿ. ಹಿಂಡಬೇಡಿ, ನೆರಳಲ್ಲಿ ಹರವಿ. ಬಿಸಿನೀರು ಹಾಕಿದ್ರೋ, ಪಕ್ಕದ ಮನೆ ಮಗೂಗೆ ಕೊಡಬೇಕಾಗುತ್ತೆ ಅಷ್ಟೆ."

ಹೇಳುವುದು ಸುಲಭ. ಕೆಂಪು ಕುರ್ತಾ ಎಷ್ಟೋ ದಿನ ಕುರ್ಚಿಯ ಬೆನ್ನಿನ ಮೇಲೇ ಇತ್ತು. ಒಗೆಯದೆ ಇರುವ ತನಕ, ಆಕೆಗೆ ನೆನಪಿತ್ತು ಅಂತ ಅಂದುಕೊಳ್ಳಬಹುದು. ಒಗೆದ ಮೇಲೂ ತೋಳು ಅಂಗೈ ಮುಚ್ಚಿದರೆ? ಆಮೇಲೆ ಅಂದುಕೊಳ್ಳುವುದಕ್ಕೂ ಏನೂ ಉಳಿಯುವುದಿಲ್ಲ. ಅಂಚಿನಲ್ಲಿ ಆಕೆ ಎಳೆದ ಸೀಮೆಸುಣ್ಣದ ಗೆರೆ ಇನ್ನೂ ಇತ್ತು, ನೀರು ಬಿದ್ದರೆ ಅದೂ ಹೋಗುತ್ತದೆ. ದಿನಾ ಪರರಿಗೆ "ಹೆದರಬೇಡಿ, ಕ್ಲಚ್ ಬಿಡಿ" ಅಂತ ಹೇಳಿಕೊಡುವ ಮನುಷ್ಯ ಒಂದು ಬಕೆಟ್ಟು ನೀರಿಗೆ ಹೆದರಿ ಕೂತಿದ್ದರು.

ಕೊನೆಗೊಂದು ಭಾನುವಾರ ಬೆಳಗ್ಗೆ ಭಂಡ ಧೈರ್ಯ ಮಾಡಿದರು. ಬಕೆಟ್ಟನ್ನು ಎರಡು ಸಲ ತೊಳೆದರು. ಕುರ್ತಾ ತಿರುಗಿಸಿ ತಣ್ಣೀರಿಗೆ ಬಿಟ್ಟರು. ಅದು ಮೊದಲು ಉಬ್ಬಿಕೊಂಡು ತೇಲಿತು, ಮೆಲ್ಲಗೆ ಒತ್ತಿದ ಮೇಲೆ ಮುಳುಗಿತು. ನೀರು ಕೆಂಪಾಯಿತು. ಮೇಷ್ಟ್ರು ನಾದಿನಿಯ ಮಾತಿನಂತೆ ಚೆಲ್ಲಿ ಬೇರೆ ನೀರು ಹಿಡಿದರು. ಆಮೇಲಿನದು ಗುಲಾಬಿ, ಅದರಾಚೆಯದು ಇನ್ನೂ ತೆಳು, ಕಡೆಗೆ ಬಕೆಟ್ಟಿನ ತಳ ಕಂಡಿತು. ಹಿಂಡದೆ, ಮಗುವನ್ನು ಎತ್ತಿದಂತೆ ಎರಡೂ ಕೈಯಲ್ಲಿ ಎತ್ತಿ ನೀರು ಸೋರಲು ಬಿಟ್ಟರು. ಎಷ್ಟು ಭಾರ! ಇಷ್ಟು ಭಾರವನ್ನೇ ಆಕೆಗೆ ಎತ್ತಲಾಗದೆ ಹೋಯಿತೇ, ಬಾಗಿಲಾಚೆ ಕೂತಿದ್ದ ತನಗೆ ಒಂದು ಕೂಗು ಹಾಕಬಾರದಿತ್ತೇ, ಅಂತ ಅಲ್ಲೇ ನಿಂತು ಅತ್ತರು. ಪಡಸಾಲೆಯ ನೆರಳಿನಲ್ಲಿ ಹರವಿ, ಹೊತ್ತು ಇಳಿಯುವ ತನಕ ಅದರೆದುರೇ ಕೂತರು.

ಒಣಗಿದ ಮೇಲೆ ಕನ್ನಡಿ ನೋಡದೆ ತೊಟ್ಟರು. ಎಡಗೈ ಮುಂದೆ ಚಾಚಿದರು.

ತೋಳು ಮಣಿಕಟ್ಟಿನ ಮೂಳೆಗೆ ಬಂದು ನಿಂತಿತ್ತು. ಗಡಿಯಾರದ ಪಟ್ಟಿ ಕಾಣುತ್ತಿತ್ತು.

ಬಟ್ಟೆ ಎಷ್ಟು ಕುಗ್ಗುತ್ತದೆ, ಗಂಡನ ಕೈ ಎಷ್ಟು ಉದ್ದ, ಎರಡನ್ನೂ ಆಕೆ ಲೆಕ್ಕ ಹಾಕಿದ್ದಳು, ಅಮ್ಮ ಯಾರು ತಂಗಿ ಯಾರು ಅಂತ ತಿಳಿಯದ ದಿನದಲ್ಲಿ. "ಸರಿಯಾಯ್ತು ಕಣೇ" ಎಂದು ಮೇಷ್ಟ್ರು ಗಟ್ಟಿಯಾಗಿಯೇ ಹೇಳಿದರು. ನೀಲಿಯದನ್ನು ಹುಡುಕಿ ತೆಗೆದು, ಮಡಚಿ, ಆಕೆಯ ಹೊಲಿಗೆ ಯಂತ್ರದ ಮೇಲಿಟ್ಟರು.

ಸೋಮವಾರ ಬ್ಯಾಂಕಿನ ಹುಡುಗಿ ರಸ್ತೆ ಬಿಟ್ಟು ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಬೈಯಲಿಲ್ಲ.

"ಕುರ್ತಾ ಎಷ್ಟು ಚೆನ್ನಾಗಿ ಕೂತಿದೆ ಸಾರ್! ಎಲ್ಲಿ ಹೊಲಿಸಿದ್ರಿ?"

"ಮನೇಲೇ ಕಣಮ್ಮ, ನಮ್ಮನೆಯವಳು ಹೊಲಿಯೋದು" ಎಂದರು ಮೇಷ್ಟ್ರು. "ಅಳತೇನೇ ತೊಗೊಳ್ಳಲ್ಲ ಅವಳು."