ಮೇಷ್ಟ್ರ ಲೋಟದ ನೊರೆ

ಸಿದ್ದಮಲ್ಲಪ್ಪನಿಗೆ ಹೆಂಡತಿಯ ಮೇಲೆ ಅನುಮಾನ ಹುಟ್ಟಿದ್ದು ಕಾಫಿಯ ನೊರೆಯಿಂದ. ಬೇರೆ ಗಂಡಸರಿಗಾದರೆ ಅದಕ್ಕೆ ಒಂದು ಕಳ್ಳನಗೆಯೋ, ಗೋಡೆಯಾಚೆ ಕೇಳಿಸಿದ ಪಿಸುಮಾತೋ ಬೇಕಾಗುತ್ತದೆ. ಇವನಿಗೆ ನಾಲ್ಕು ಬೆರಳು ನೊರೆ ಸಾಕಾಯಿತು.

ಮನೆ ಇದ್ದದ್ದು ಚಾಮರಾಜಪುರದಲ್ಲಿ, ರೈಲು ನಿಲ್ದಾಣಕ್ಕೆ ಕೂಗಳತೆ. ದೊಡ್ಡ ಗಡಿಯಾರದ ಹತ್ತಿರ ಅವನದೊಂದು ಪಾತ್ರೆ ಅಂಗಡಿ. ಮನೆಯಲ್ಲಿ ಅವನು ಮತ್ತು ಹೆಂಡತಿ ಬಸಮ್ಮ, ಇಬ್ಬರೇ. ಮಕ್ಕಳಿರಲಿಲ್ಲ. ಬೀದಿಗೆ ಮುಖ ಮಾಡಿದ್ದ ಕೋಣೆ ಸುಮ್ಮನೆ ಬಿದ್ದಿತ್ತು. ಅದನ್ನು ದೇವರಾಜು ಅನ್ನುವ ಮೇಷ್ಟ್ರಿಗೆ ಬಾಡಿಗೆಗೆ ಕೊಟ್ಟವನು ಸಿದ್ದಮಲ್ಲಪ್ಪನೇ. 'ಒಂಟಿ ಮನುಷ್ಯ, ಬೆಳಿಗ್ಗೆ ಒಂದು ಲೋಟ ಕಾಫಿ ನಾವೇ ಕೊಟ್ಟರಾಯಿತು' ಅಂತ ಧಾರಾಳವಾಗಿ ಹೇಳಿದವನೂ ಅವನೇ. ಮೇಷ್ಟ್ರಿಗೆ ನಂಜನಗೂಡಿನ ಶಾಲೆಯಲ್ಲಿ ಕೆಲಸ. ದಿನಾ ಬೆಳಗಿನ ರೈಲಿಗೆ ಹೋಗಿ ಸಂಜೆ ಬರುತ್ತಿದ್ದರು. ಎತ್ತರದ ಆಳು, ಕ್ರಾಪು ತೀಡಿಕೊಂಡು ಇಸ್ತ್ರಿ ಷರಟು ತೊಡುವವರು. ಅದೂ ಒಂದು ತಪ್ಪೇ ಆಗಿಹೋಯಿತು ಅನ್ನಿ.

ಬೆಳಿಗ್ಗೆ ಸ್ನಾನ ಮುಗಿಸಿ ಸಿದ್ದಮಲ್ಲಪ್ಪ ಲಿಂಗಪೂಜೆಗೆ ಕೂರುತ್ತಿದ್ದ. ದೇವರಕೋಣೆಯ ಬಾಗಿಲಿಂದ ಅಡುಗೆಮನೆ ನೇರವಾಗಿ ಕಾಣುತ್ತದೆ. ಎಡಗೈಯಲ್ಲಿ ಲಿಂಗ, ಬಾಯಲ್ಲಿ ಮಂತ್ರ, ಕಣ್ಣು ಮಾತ್ರ ಒಲೆಯ ಕಡೆ. ಅಲ್ಲಿ ಬಸಮ್ಮ ಮೇಷ್ಟ್ರ ಕಾಫಿ ಬೆರೆಸುತ್ತಿದ್ದಳು. ಲೋಟಕ್ಕೆ ಸಕ್ಕರೆ, ಮೇಲೆ ಡಿಕಾಕ್ಷನ್, ಅದರ ಮೇಲೆ ಕುದಿಯುವ ಹಾಲು. ಆಮೇಲೆ ಲೋಟವನ್ನು ತಲೆಯ ಮಟ್ಟಕ್ಕೆ ಎತ್ತಿ, ಅಗಲ ಬಾಯಿಯ ಬಟ್ಟಲನ್ನು ಸೊಂಟದ ಹತ್ತಿರ ಹಿಡಿದು ಒಂದೇ ಧಾರೆಯಲ್ಲಿ ಹುಯ್ಯುವಳು. ಬಟ್ಟಲಿಂದ ಮತ್ತೆ ಲೋಟಕ್ಕೆ, ಲೋಟದಿಂದ ಮತ್ತೆ ಬಟ್ಟಲಿಗೆ. ಹಬೆ ಹೊಗೆಯ ಹಾಗೆ ಏಳುತ್ತಿತ್ತು. ಒಂದು ತೊಟ್ಟು ಕೆಳಗೆ ಬೀಳುತ್ತಿರಲಿಲ್ಲ. ಕೊನೆಗೆ ಬಿಳಿ ನೊರೆ ಲೋಟದ ಅಂಚಿಗಿಂತ ಮೇಲೆ ಉಬ್ಬಿಕೊಂಡು ನಿಲ್ಲುತ್ತಿತ್ತು.

"ಮೇಷ್ಟ್ರೇ, ಕಾಫಿ," ಅಂತ ಒಂದೇ ಕೂಗು. ಮೇಷ್ಟ್ರು ನಿಂತಲ್ಲೇ ಗಟಗಟ ಕುಡಿದು, "ಏನು ಕಾಫಿ ಅಮ್ಮಾ, ನಾಲಿಗೆ ಮೇಲೆ ಬೆಣ್ಣೆ ಇಟ್ಟಂಗೈತೆ," ಅಂದು ಕೊಡೆ ಎತ್ತಿಕೊಂಡು ಓಡುತ್ತಿದ್ದರು. ಮೀಸೆಯ ಮೇಲೆ ನೊರೆ ಹಾಗೇ ಇರುತ್ತಿತ್ತು. ಆ ಮೀಸೆಯನ್ನು ಕಂಡರೆ ಸಿದ್ದಮಲ್ಲಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ಇನ್ನು ಅವನ ಸ್ವಂತ ಕಾಫಿಯ ಕಥೆ ಕೇಳಿ. ಅವನು ಪೂಜೆ ಮುಗಿಸಿ ಬಂದು ಕೂತ ಮೇಲೆ ಬಸಮ್ಮ ಒಂದು ದಪ್ಪ ಕಂಚಿನ ಲೋಟಕ್ಕೆ ಕುದಿಯುವ ನೀರು ಹಾಕಿ ಅಲುಗಾಡಿಸಿ ಚೆಲ್ಲುವಳು. ಕಾದ ಆ ಲೋಟಕ್ಕೇ ಡಿಕಾಕ್ಷನ್ನು, ಹಾಲು. ಚಮಚದಲ್ಲಿ ಒಂದು ಸುತ್ತು ತಿರುಗಿಸಿ ಮೇಲೊಂದು ಮುಚ್ಚಳ ಮುಚ್ಚಿ ಅವನ ಮುಂದೆ ಇಡುವಳು. ಎತ್ತುವುದಿಲ್ಲ, ಹುಯ್ಯುವುದಿಲ್ಲ, ನೊರೆಯ ಮಾತೇ ಇಲ್ಲ. ಮುಚ್ಚಳ ತೆಗೆದರೆ ಕಂದು ಬಣ್ಣದ ಕಾಫಿ ಬೋಳುಬೋಳಾಗಿ ಮುಖ ನೋಡುತ್ತಿತ್ತು. ಮುಟ್ಟಿದರೆ ಕೈ ಸುಡುವುದು, ಕುಡಿದರೆ ನಾಲಿಗೆ ಸುಡುವುದು. ತಾನೇ ಬಟ್ಟಲಿಗೆ ಬಗ್ಗಿಸಿ ಆರಿಸಿಕೊಳ್ಳುವುದು ಅವನ ಮನೆತನದ ಗಂಡಸರಿಗೆ ಅಭ್ಯಾಸವಿಲ್ಲ. ಹಾಗಾಗಿ ಅದು ಆರುವವರೆಗೆ ಕೂರಲೇಬೇಕು.

ಕೂತವನು ಸುಮ್ಮನಿರುತ್ತಾನೆಯೇ? ಕುಂಭಕೋಣದಿಂದ ಬಂದ ತಪ್ಪಲೆಗಳ ವಿಷಯ, ಪಕ್ಕದ ಅಂಗಡಿಯವನು ತೂಕದಲ್ಲಿ ಮಾಡುವ ಕಿತಾಪತಿ, ಮದುವೆಗೆಂದು ಕೊಳಗ ಒಯ್ದು ಮಸಿ ಹಿಡಿಸಿ ವಾಪಸು ತಂದವರ ಜಗಳ, ಎಲ್ಲ ಹೇಳುತ್ತಿದ್ದ. ಬಸಮ್ಮ ಸೊಪ್ಪು ಸೋಸುತ್ತ ಹೂಂಗುಡುತ್ತಿದ್ದಳು, ಒಮ್ಮೊಮ್ಮೆ ನಗುತ್ತಿದ್ದಳು. ಕಾಫಿ ಆರಿದ ಮೇಲೆ ಕುಡಿದು ಸೈಕಲ್ ಹತ್ತಿದರೆ ಮಧ್ಯಾಹ್ನದ ಊಟವೂ ಅಂಗಡಿಯಲ್ಲೇ. ಸಂಜೆ ಬಂದವನು ತಟ್ಟೆಯ ಮುಂದೆ ತೂಕಡಿಸುತ್ತಿದ್ದ. ಆ ಮನೆಯಲ್ಲಿ ಗಂಡಹೆಂಡಿರು ಮಾತಾಡುತ್ತಿದ್ದುದು ಅಂದರೆ ಆ ಕಾಫಿಯ ಹೊತ್ತಿನಲ್ಲಿ ಮಾತ್ರ.

ಇದೊಂದೂ ಅವನ ತಲೆಗೆ ಹೋಗಲಿಲ್ಲ. ಎತ್ತಿ ಹುಯ್ದರೆ ಕಾಫಿಗೆ ಗಾಳಿ ತಾಗಿ ಬೇಗ ಆರುತ್ತದೆ ಅನ್ನುವುದು ಎಳೆ ಮಕ್ಕಳಿಗೂ ಗೊತ್ತು, ಅವನಿಗೂ ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚು ಹತ್ತಿದವನಿಗೆ ಬಿಸಿ ಕಾಣುತ್ತದೆಯೇ, ನೊರೆ ಮಾತ್ರ ಕಾಣುತ್ತದೆ. ಪರಗಂಡಸಿಗೆ ತಲೆ ಎತ್ತರದಿಂದ ಹುಯ್ದು ನೊರೆ ಬರಿಸುತ್ತಾಳೆ, ಕಟ್ಟಿಕೊಂಡವನಿಗೆ ಮುಚ್ಚಳ. ಅಂಗಡಿಯಲ್ಲಿ ಗಿರಾಕಿಗಳು ಲೋಟ-ಬಟ್ಟಲು ಕೇಳಿದರೆ ಅವನಿಗೆ ಕೋಪ ಬರುತ್ತಿತ್ತು. "ಬಟ್ಟಲು ಇನ್ನೂ ಸ್ವಲ್ಪ ಅಗಲ ಇಲ್ವಾ?" ಅಂದ ಒಬ್ಬಾಕೆಗೆ, "ಯಾಕಮ್ಮ, ಮನೇಲಿ ಬಾಡಿಗೆಯವರು ಇದಾರಾ?" ಅಂದುಬಿಟ್ಟ. ಆಕೆ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಒಂದು ಬೆಳಿಗ್ಗೆ ಬಸಮ್ಮ ಹುಯ್ಯುತ್ತಿದ್ದಾಗ ಮೇಷ್ಟ್ರು ಏನೋ ಹೇಳಿದರು, ಅವಳು ನಕ್ಕಳು. ಸಿದ್ದಮಲ್ಲಪ್ಪ ಮಂತ್ರ ಅರ್ಧಕ್ಕೆ ಬಿಟ್ಟ. ಆ ದಿನ ತನ್ನ ಕಾಫಿ ಆರುವ ತನಕ ಒಂದು ಮಾತೂ ಆಡಲಿಲ್ಲ. "ಯಾಕ್ರೀ, ಹುಷಾರಿಲ್ವಾ?" ಅಂತ ಬಸಮ್ಮ ಕೇಳಿದಳು. "ನಂಗೇನಾಗೈತೆ? ಚೆನ್ನಾಗೇ ಇದೀನಿ," ಅಂದ. ಹಾಗೇ ಮೂತಿ ಉಬ್ಬಿಸಿಕೊಂಡು ಹೊರಟ.

ಭಾನುವಾರ ಬಸಮ್ಮ ಮಾರ್ಕೆಟ್ಟಿಗೆ ಹೋಗಿದ್ದಾಗ ಅವನು ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತ. "ಅಂಗಡಿ ಸಾಮಾನು ಇಡೋಕೆ ಜಾಗ ಸಾಲ್ತಿಲ್ಲ ಮೇಷ್ಟ್ರೇ. ಕೋಣೆ ಖಾಲಿ ಮಾಡ್ಬೇಕಾಗ್ತದೆ," ಅಂದ. ಮೇಷ್ಟ್ರ ಮುಖ ಸಣ್ಣದಾಯಿತು. ಆದರೂ ಎದುರಾಡಲಿಲ್ಲ. ನಂಜನಗೂಡಿನಲ್ಲೇ ಒಂದು ಕೋಣೆ ನೋಡಿಕೊಂಡು ವಾರದೊಳಗೆ ಟ್ರಂಕು ಹಾಸಿಗೆ ಜಟಕಾಕ್ಕೆ ಹಾಕಿಸಿದರು. ಹೋಗುವಾಗ ಇಬ್ಬರಿಗೂ ಕೈ ಮುಗಿದರು. "ಅಮ್ಮಾ, ನಿಮ್ಮ ಕಾಫಿಯಿಂದ ನಂಗೆ ಒಂದು ದಿವ್ಸಾನೂ ರೈಲು ತಪ್ಪಲಿಲ್ಲ," ಅಂದರು. ಸಿದ್ದಮಲ್ಲಪ್ಪ ಅದನ್ನೂ ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿ ಹಲ್ಲು ಕಡಿದ.

ಮಾರನೆಯ ಬೆಳಿಗ್ಗೆ ಪೂಜೆ ಬೇಗ ಮುಗಿಯಿತು. ನೋಡುವುದಕ್ಕೆ ಏನೂ ಇರಲಿಲ್ಲವಲ್ಲ. ಅಡುಗೆಮನೆಗೆ ಬಂದು ಕೂತ. ಬಸಮ್ಮ ಕಂಚಿನ ಲೋಟಕ್ಕೆ ಬಿಸಿನೀರು ಹಾಕುತ್ತಿದ್ದಳು.

"ಅದು ಬೇಡ. ಮೇಷ್ಟ್ರಿಗೆ ಕೊಡ್ತಿದ್ಯಲ್ಲ, ಅಂಗೇ ಎತ್ತಿ ಹುಯ್ದು ಕೊಡು. ನಂಗೂ ನೊರೆ ಬೇಕು," ಅಂದ.

ಬಸಮ್ಮನ ಕೈ ನಿಂತಿತು. ಅವನ ಮುಖವನ್ನೇ ನೋಡಿದಳು. ಆಮೇಲೆ ಕಂಚಿನ ಲೋಟವನ್ನು ಪಕ್ಕಕ್ಕಿಟ್ಟು ಹಿತ್ತಾಳೆಯ ತೆಳು ಲೋಟವನ್ನೂ ಅಗಲದ ಬಟ್ಟಲನ್ನೂ ತೆಗೆದುಕೊಂಡಳು. ಬೆರೆಸಿದಳು. ಎತ್ತಿ ಹುಯ್ದಳು. ಮೇಷ್ಟ್ರಿಗೆ ಹುಯ್ದಿದ್ದಕ್ಕಿಂತ ಹೆಚ್ಚು ಸಲ, ಹೆಚ್ಚು ಎತ್ತರಕ್ಕೆ ಹುಯ್ದಳು. ನೊರೆ ಲೋಟ ಮೀರಿ ಕಿರೀಟದ ಹಾಗೆ ನಿಂತಿತು. ಸಿದ್ದಮಲ್ಲಪ್ಪ ಗೆದ್ದವನಂತೆ ಲೋಟ ಎತ್ತಿದ. ಕೈ ಸುಡಲಿಲ್ಲ. ಬಾಯಿಗಿಟ್ಟ. ನಾಲಿಗೆಯೂ ಸುಡಲಿಲ್ಲ. ನೊರೆಯ ಕೆಳಗೆ ಅರ್ಧ ಲೋಟವೂ ಇರದ ಕಾಫಿ ಗುಟುಕಿನ ಹಿಂದೆ ಗುಟುಕಾಗಿ ಇಳಿದೇಹೋಯಿತು. ರುಚಿ ಚೆನ್ನಾಗಿಯೇ ಇತ್ತು. ಲೋಟ ಕೆಳಗಿಟ್ಟ. ಹೇಳುವುದಕ್ಕೆಂದು ಬಾಯಿ ತೆರೆದ, ಯಾವ ಮಾತೂ ಶುರುವಾಗಲಿಲ್ಲ. ಕಾಫಿ ಮುಗಿದ ಮೇಲೆ ಏಳುವುದು ಕಾಲಿಗೆ ರೂಢಿ. ಎದ್ದು ನಿಂತೇಬಿಟ್ಟಿದ್ದ.

"ಆಯ್ತಲ್ಲ. ಹೊರಡಿ," ಅಂದಳು ಬಸಮ್ಮ.

"ಯಾಕೆ ಅಂಗಂತೀಯ?"

"ಆರಿಸಿಕೊಟ್ಟ ಕಾಫಿ ಹೊರಡೋರಿಗೆ ಕಣ್ರೀ. ಅವರಿಗೆ ರೈಲು ಇತ್ತು. ಅದಕ್ಕಿಂತ ಹೆಚ್ಚಾಗಿ, ನೀವು ಪೂಜೆಯಿಂದ ಎದ್ದು ಬರೋ ಹೊತ್ತಿಗೆ ಇಲ್ಲಿ ಇನ್ಯಾರೂ ಇರಬಾರ್ದು ಅಂತ ನಂಗೆ ಆಸೆ. ಬಿಸಿ ಕೊಟ್ಟಿದ್ರೆ ಅವರೂ ಇಲ್ಲೇ ಕೂತ್ಕೊಂಡು ಹರಟೆ ಹೊಡೆಯೋರು. ನಿಮಗೆ ಲೋಟ ಕಾಯಿಸಿ, ಮುಚ್ಚಳ ಮುಚ್ಚಿ ಕೊಡ್ತಿದ್ದೆ. ಅದು ಆರೋ ತನಕ ಆದ್ರೂ ನೀವು ನನ್ನ ಜೊತೆ ಕೂತಿರ್ತೀರಿ ಅಂತ." ಅವಳು ಖಾಲಿ ಲೋಟವನ್ನು ಎತ್ತಿಕೊಂಡಳು. "ಕೋಣೆ ಸಾಮಾನಿಗೆ ಬೇಕು ಅಂದ್ರಂತಲ್ಲ, ನೆನ್ನೆ ಖಾಲಿಯಾದ ಮೇಲೆ ಒಂದು ತಪ್ಪಲೆ ಆದ್ರೂ ತಂದು ಇಟ್ರಾ? ನನ್ನ ಮೇಲೆ ಅನುಮಾನ ಪಟ್ಟು ಒಬ್ಬ ಒಳ್ಳೆ ಮನುಷ್ಯನ್ನ ಓಡಿಸಿಬುಟ್ರಿ. ನನ್ನ ಒಂದು ಮಾತು ಕೇಳ್ಬೋದಿತ್ತು."

ಸಿದ್ದಮಲ್ಲಪ್ಪನಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. "ನಾಳೆಯಿಂದ ಮೊದಲಿನಂಗೇ ಕೊಡು," ಅಂದ ಮೆಲ್ಲಗೆ.

"ಇಲ್ಲ. ಬಾಯಿಬಿಟ್ಟು ಕೇಳಿದ್ದೀರಿ, ಇನ್ಮೇಲೆ ನೊರೆ ಕಾಫಿನೇ," ಅಂದಳು ಅವಳು.

ಅಂದಂತೆಯೇ ನಡೆದುಕೊಂಡಳು. ಬಸಮ್ಮನ ಹಟ ಸಣ್ಣ ಹಟವಲ್ಲ. ದಿನಾ ಎತ್ತಿ ಹುಯ್ಯುವಳು, ದಿನಾ ನೊರೆ, ಲೋಟ ಇಟ್ಟು ಹಿತ್ತಿಲಿಗೆ ಹೋಗಿಬಿಡುವಳು. ಅವನೊಬ್ಬನೇ ಕುಡಿದು ಎದ್ದು ಹೋಗುವನು. ಅಂಗಡಿಯಲ್ಲಿ ಏನಾದರೂ ತಮಾಷೆ ನಡೆದರೆ ಇದನ್ನು ಅವಳಿಗೆ ಹೇಳಬೇಕು ಅಂದುಕೊಳ್ಳುವನು. ಬೆಳಿಗ್ಗೆ ಹೇಳಲು ಹೊತ್ತು ಸಿಕ್ಕುತ್ತಿರಲಿಲ್ಲ. ನಂಜನಗೂಡಿಗೆ ಹೋಗಿ ಮೇಷ್ಟ್ರನ್ನು ಕಂಡು ವಾಪಸು ಬನ್ನಿ ಅಂತ ಕೇಳಿಯೂ ನೋಡಿದ. ಅವರು, "ಬೇಡಿ ಸ್ವಾಮಿ, ಇಲ್ಲಿ ರೈಲಿನ ಗೋಜಿಲ್ಲ," ಅಂದು ನಯವಾಗಿ ಕಳಿಸಿದರು. ಅವರಿಗೂ ಎಲ್ಲ ಅರ್ಥವಾಗಿತ್ತು ಅಂತ ಅವರ ಕಣ್ಣೇ ಹೇಳುತ್ತಿತ್ತು.

ಮಾಗಿಯ ಚಳಿ ಬಿದ್ದಿದ್ದ ಒಂದು ಬೆಳಿಗ್ಗೆ ಬಸಮ್ಮ ಹಿತ್ತಿಲಿಂದ ನೀರು ತುಂಬಿಕೊಂಡು ಬಂದಾಗ ಅವನು ಇನ್ನೂ ಅಲ್ಲೇ ಕೂತಿದ್ದ. ಕಾಫಿ ಮುಟ್ಟಿರಲಿಲ್ಲ. ನೊರೆ ಇಳಿದುಹೋಗಿ ಅಂಚಿನಲ್ಲಿ ಒಂದು ಗೆರೆ ಮಾತ್ರ ಉಳಿದಿತ್ತು. ಆ ಚಳಿಯಲ್ಲಿ ಅದು ತಣ್ಣಗೆ ಕೊರೆಯುವಂತಾಗಿ ಎಷ್ಟು ಹೊತ್ತಾಗಿತ್ತೋ. ಅವನು ಪಂಚೆಯ ತುದಿಯಲ್ಲಿ ಲೋಟವನ್ನು ಜೋಪಾನವಾಗಿ ಹಿಡಿದುಕೊಂಡು ಉಫ್ ಉಫ್ ಅಂತ ಊದುತ್ತಿದ್ದ.

"ಏನ್ರೀ ಅದು?" ಅಂದಳು.

"ಬಿಸಿ ಕಣೆ," ಅಂದ ಅವನು ತಲೆ ಎತ್ತದೆ. "ಆರೋಕೆ ಇನ್ನೂ ಬೇಕಾದಷ್ಟು ಹೊತ್ತು ಬೇಕು."

ಬಸಮ್ಮ ಕೊಡ ಇಳಿಸಿ ಅವನ ಎದುರಿಗೆ ಬಂದು ಕೂತಳು.