ಐದು ಗಂಟೆಗೆ ಕಾಶವ್ವನ ಪದ

ಸುದ್ದಿ ಓದುವವಳ ಮೂಗು ಹೋಗಿ ಕಿವಿಯ ಪಕ್ಕ ಕುಳಿತಿತ್ತು. ಬಾಯಿ ಇರಬೇಕಾದಲ್ಲಿ ಹಸಿರು ಚೌಕ, ಹಣೆಯ ಮೇಲೊಂದು ನೀಲಿ ಚೌಕ. ಮಾತು ಟಕ್ಕ ಟಕ್ಕನೆ ತುಂಡಾಗಿ ಬೀಳುತ್ತಿತ್ತು. ಕಾಡಪ್ಪ ರಿಮೋಟನ್ನು ತೊಡೆಗೆ ಬಡಿದುಕೊಂಡ. ಯುಗಾದಿಯ ಮಧ್ಯಾಹ್ನ, ಹೋಳಿಗೆ ಉಂಡ ಮನುಷ್ಯ ಕಾಲು ಚಾಚಿ ಮಲಗಬೇಕಾದ ಹೊತ್ತು. ಆದರೆ ಆ ಪುಣ್ಯ ಅವನ ಹಣೆಯಲ್ಲಿ ಇರಲಿಲ್ಲ.

ಅಂದು ಸಂಜೆ ಐದಕ್ಕೆ ಕನ್ನಡ ಚಾನೆಲ್ಲಿನಲ್ಲಿ ಅವನ ಹೆಂಡತಿ ಕಾಶವ್ವ ಹಾಡುವವಳಿದ್ದಳು. ಸಂಕ್ರಾಂತಿಗೆ ಬಾದಾಮಿ ಕಡೆಯ ತವರಿಗೆ ಹೋದಾಗ ಚಾನೆಲ್ಲಿನವರು ಬಂದು, ಸೋಬಾನೆ ಪದ ಬಲ್ಲ ಏಳು ಹೆಂಗಸರನ್ನು ಕೂಡಿಸಿ, ಒಬ್ಬೊಬ್ಬರಿಂದ ಒಂದೊಂದು ಪದ ಹಾಡಿಸಿಕೊಂಡು ಹೋಗಿದ್ದರು. ಅದು ಬರುವುದು ಒಂದೇ ಸಲ. ತಪ್ಪಿದರೆ ತಪ್ಪಿದ್ದೇ.

ಪುಣೆ ಹತ್ತಿರದ ನಿಗಡಿಯ ಮೂರಂತಸ್ತಿನ ಕಟ್ಟಡದಲ್ಲಿ ಕಾಶವ್ವ ಮೂವತ್ತೊಂದು ವರ್ಷ ಬಾಳಿದ್ದಳು. ಮರಾಠಿ ಮಾತ್ರ ಅವಳ ನಾಲಿಗೆಗೆ ಹತ್ತಲೇ ಇಲ್ಲ. ಅರಿಶಿನ-ಕುಂಕುಮಕ್ಕೆ ಕರೆದರೆ ಹೋಗುವಳು, ನಕ್ಕು ಕುಳಿತು ಬರುವಳು. ನೆರೆಯವರ ಲೆಕ್ಕದಲ್ಲಿ ಅವಳು ಬಾಯಿಲ್ಲದ ಬಡಪಾಯಿ. ಅಂಥವಳು ಈ ಸಲ ತಾನಾಗಿಯೇ ಮನೆ ಮನೆಗೂ ಹೋಗಿ, ಐದು ಬೆರಳು ತೋರಿಸಿ, "ಪಾಚ ವಾಜತಾ. ಮೀ. ಟೀವ್ಹೀ," ಎಂದು ಕರೆದು ಬಂದಿದ್ದಳು. ಹನ್ನೆರಡು ಮಂದಿ ಬರುತ್ತೇವೆಂದಿದ್ದರು. ಅವರ ಮುಂದೆ ಅವಳ ಮುಖವೂ ಹೀಗೇ ಚೌಕ ಚೌಕವಾಗಿ ಒಡೆದರೆ, ಅದರಷ್ಟು ಅವಮಾನ ಬೇರೆ ಇರಲಿಲ್ಲ.

"ಏನಾಗ್ಯದರಿ ಅದಕ್ಕ?" ಕಾಶವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಇದು ನಾಲ್ಕನೆಯ ಸಲ.

"ನನಗೇನ ಗೊತ್ತು? ನಾ ಏನು ಅದರ ಹೊಟ್ಟ್ಯಾಗ ಕುಂತೀನೇನು?"

ಭೋಸರಿಯ ಒಂದು ಕಾರ್ಖಾನೆಯಲ್ಲಿ ಕಾಡಪ್ಪ ಸ್ಟೋರ್‌ಕೀಪರ್. ನಟ್ಟು-ಬೋಲ್ಟುಗಳ ನಡುವೆ ಕೂದಲು ನರೆಸಿದವನು, ತನಗೆ ಬಾರದ ರಿಪೇರಿ ಜಗತ್ತಿನಲ್ಲಿಲ್ಲ ಎಂದು ನಂಬಿದವನು. ಡಿಶ್ ಹಾಕಿಸಿ ಎರಡೇ ತಿಂಗಳಾಗಿತ್ತು. ಗಲ್ಲಿಯ ಕೇಬಲ್ಲಿನವನು ಕನ್ನಡ ಚಾನೆಲ್ ಕೊಡುವುದಿಲ್ಲವೆಂದು, ಈ ಕಾರ್ಯಕ್ರಮಕ್ಕಾಗಿಯೇ ಹಾಕಿಸಿದ್ದು. ಕಂಪನಿಗೆ ಫೋನ್ ಮಾಡಿದರೆ ಹಬ್ಬದ ರಜೆ, ಹುಡುಗ ಬರುವುದು ನಾಡಿದ್ದು ಎಂದರು. ನಾಡಿದ್ದು ಬಂದು ಏನು ಮಾಡುತ್ತಾನೆ, ಆರತಿ ಬೆಳಗುತ್ತಾನೆಯೇ?

ಕಾಡಪ್ಪ ಬಾಕ್ಸನ್ನು ಆರಿಸಿ ಹಚ್ಚಿದ. ಕಾರ್ಡು ತೆಗೆದು ಒರೆಸಿ ಹಾಕಿದ. ಬೇರೆ ಚಾನೆಲ್ಲು ತಿರುಗಿಸಿದ, ಎಲ್ಲವೂ ಹಾಗೇ. ಒಂದು ನಿಮಿಷ ಕನ್ನಡಿಯಂಥ ಚಿತ್ರ, ಮರುನಿಮಿಷ ಚೌಕಗಳ ರಾಶಿ. ಅಂದರೆ ತೊಂದರೆ ಚಾನೆಲ್ಲಿನದಲ್ಲ, ಮನೆಯದೇ.

ಮಗಳು ಮಾಧುರಿ ರಿಮೋಟ್ ಕಸಿದುಕೊಂಡು ಸಿಗ್ನಲ್ ತೋರಿಸುವ ಪುಟ ತೆರೆದಳು. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ.

"ಅಪ್ಪಾ, ಸ್ಟ್ರೆಂತ್ ಎಂಬತ್ತಕ್ಕ ಗಟ್ಟಿ ನಿಂತದ. ಕ್ವಾಲಿಟಿ ಎಪ್ಪತ್ತು ಇದ್ದದ್ದು ಒಮ್ಮೆಲೆ ಇಪ್ಪತ್ತಕ್ಕ ಇಳೀತದ. ಮತ್ತ ಏರತದ."

"ವಯರಿಂದ ಇರಬೇಕು," ಎಂದು ಕಾಡಪ್ಪ ತೀರ್ಪು ಕೊಟ್ಟ.

ಬಾಕ್ಸಿನ ಹಿಂದಿನ ಕನೆಕ್ಟರ್ ತಿರುವಿ ಬಿಚ್ಚಿದ. ನೋಡಿದರೆ ಒಳಗಿನ ಜಾಳಿಗೆಯ ಒಂದು ಎಳೆ ಸಿಡಿದು ನಡುವಿನ ತಾಮ್ರದ ತಂತಿಯ ಹತ್ತಿರಕ್ಕೆ ಬಂದಿತ್ತು. "ಸಿಕ್ಕಿತು ಕಳ್ಳ!" ಎಂದು ಕುಣಿಯುವುದೊಂದು ಬಾಕಿ. ವಯರಿನ ತುದಿ ಕತ್ತರಿಸಿದ, ಮೇಲಿನ ಸಿಪ್ಪೆ ಸುಲಿದ, ಜಾಳಿಗೆಯನ್ನು ಹಿಂದಕ್ಕೆ ಮಡಚಿದ, ನಡುವಿನ ಬಿಳಿ ಪದರ ಬಿಡಿಸಿ ತಂತಿಯನ್ನಷ್ಟೇ ಮುಂದೆ ಬಿಟ್ಟು ಕನೆಕ್ಟರ್ ತಿರುವಿದ. ಚೊಕ್ಕ ಕೆಲಸ. ಹಚ್ಚಿದರೆ, ಸುದ್ದಿ ಓದುವವಳ ಮೂಗು ಈಗ ಇನ್ನೊಂದು ಕಿವಿಯ ಬಳಿ ಇತ್ತು.

ಕಿಟಕಿಯ ಸಂದಿಯಲ್ಲಿ ವಯರು ಒತ್ತಿ ಸೀಳಿದೆಯೇ ಎಂದು ಬೆರಳಾಡಿಸಿದ. ಇಲ್ಲ. ಗೋಡೆಗುಂಟ ಎಲ್ಲಾದರೂ ಜೋಡಣೆ ಇದೆಯೇ ಎಂದು ಮೆಟ್ಟಿಲ ಕಿಟಕಿಯಿಂದ ಇಣುಕಿದ. ಅಖಂಡ ವಯರು. ಬೆವರು ಒರೆಸುತ್ತ ತಾರಸಿ ಹತ್ತಿದ.

ತಾರಸಿಯ ಅಂಚಿನ ಗೋಡೆಗೆ ಬೋಲ್ಟು ಹಾಕಿ ನಿಲ್ಲಿಸಿದ ಕಂಬದ ಮೇಲೆ ಡಿಶ್ ಆಗ್ನೇಯಕ್ಕೆ ಮುಖ ಮಾಡಿ ನಿಂತಿತ್ತು. ಅದೇ ಕಂಬಕ್ಕೆ ಅಂದು ಮುಂಜಾನೆ ಕಾಡಪ್ಪ ತನ್ನ ಕೈಯಾರೆ ಹಬ್ಬದ ಬಾವುಟವಾದ ಗುಡಿಯನ್ನು ಕಟ್ಟಿದ್ದ. ಊರಿನಲ್ಲಿದ್ದಾಗ ಅವರ ಯುಗಾದಿ ಬೇವು-ಬೆಲ್ಲಕ್ಕೆ ಮುಗಿಯುತ್ತಿತ್ತು. ಪುಣೆಗೆ ಬಂದ ಮೇಲೆ ನೆರೆಯವರಂತೆ ಇವರೂ ಉದ್ದ ಬಿದಿರಿಗೆ ಸೀರೆ ಉಡಿಸಿ, ಬೇವಿನ ತೊಪ್ಪಲು, ಸಕ್ಕರೆಯ ಸರ ಹಾಕಿ, ಮೇಲೆ ತಾಮ್ರದ ತಂಬಿಗೆ ಬೋರಲು ಹಾಕಿ ಗುಡಿ ಏರಿಸುವ ರೂಢಿ ಮಾಡಿಕೊಂಡಿದ್ದರು. ಪ್ರತಿ ವರ್ಷ ಕಿಟಕಿಗೆ ಕಟ್ಟುತ್ತಿದ್ದುದನ್ನು ಈ ಸಲ ಕಾಡಪ್ಪ ಡಿಶ್ಶಿನ ಕಂಬಕ್ಕೆ ಕಟ್ಟಿ, ಓಣಿಯಲ್ಲೇ ಎತ್ತರದ ಗುಡಿ ತಮ್ಮದೆಂದು ಮೀಸೆ ತಿರುವಿದ್ದ.

ಗುಡಿಗೆ ಉಡಿಸಿದ್ದ ಕಾಶವ್ವನ ಇಳಕಲ್ ಸೀರೆ ಹಾರಿ ಹಾರಿ ಕಾಡಪ್ಪನ ಮುಖಕ್ಕೆ ಬಡಿಯುತ್ತಿತ್ತು. ಅದನ್ನು ಒಂದು ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಡಿಶ್ಶಿನ ಮುಂದೆ ಚಾಚಿದ ಕೋಲಿನ ತುದಿಗಿರುವ ಕನೆಕ್ಟರನ್ನು ಬಿಗಿದ. ಕೆಳಗಿನಿಂದ ಮಾಧುರಿ ಕೂಗಿದಳು: "ಬಂತಪ್ಪಾ! ಎಪ್ಪತ್ತಕ್ಕ ನಿಂತದ!"

"ನಾ ಹೇಳಲಿಲ್ಲೇನು!" ಎಂದು ಕಾಡಪ್ಪ ಸೀರೆ ಬಿಟ್ಟು ಇಳಿದ. ಮನೆಯೊಳಗೆ ಕಾಲಿಡುವ ಮೊದಲೇ ಚಿತ್ರ ಒಡೆಯಿತು. ಮತ್ತೆ ಹತ್ತಿದ, ಮತ್ತೆ ಸೀರೆ ಹಿಡಿದ, ಮತ್ತೆ ಬಿಗಿದ, ಮತ್ತೆ ಬಂತು, ಇಳಿದ, ಹೋಯಿತು. ಹೀಗೆ ಮೂರು ಸಲ. ಐವತ್ತೇಳು ವರ್ಷದ ಮೊಣಕಾಲುಗಳು ಶಾಪ ಹಾಕುತ್ತಿದ್ದವು. ನಾಲ್ಕೂಮುಕ್ಕಾಲು ಆಗಿತ್ತು. ಕೆಳಮನೆಯ ಅಂಬಾಬಾಯಿ ಆಗಲೇ ಬಂದು ಎದುರಿನ ಕುರ್ಚಿ ಹಿಡಿದಿದ್ದಳು. ಅವಳ ಹಿಂದೆ ಇನ್ನಷ್ಟು ಮಂದಿ ಬಂದರು. ಕಾಶವ್ವ ಎಲ್ಲರಿಗೂ ಪಾನಕ ಕೊಡುತ್ತ ನಗುತ್ತಿದ್ದಳು. ಕಾಡಪ್ಪ ಆ ನಗುವಿನ ಕಡೆ ನೋಡದೆ ಮತ್ತೆ ಬಾಕ್ಸಿನ ಹಿಂದೆ ಬಗ್ಗಿದ.

"ಅಪ್ಪಾ," ಎಂದಳು ಮಾಧುರಿ, "ಕಿಡಕಿ ಪಡದೆ ನೋಡು. ಅದು ಹಾರಿದಾಗೊಮ್ಮೆ ಚಿತ್ರ ಒಡೀತದ. ಸುಮ್ನಿದ್ದಾಗ ಛಲೋ ಇರತದ. ಇದು ಗಾಳೀದು ಕೆಲಸ. ಮ್ಯಾಲ ಡಿಶ್ಶೇ ಅಳ್ಳಾಡಲಿಕ್ಹತ್ತದ."

ಕಾಡಪ್ಪನಿಗೆ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಸೀರೆಗೆ ಗಾಳಿ ತುಂಬುತ್ತಿತ್ತು, ಬಿದಿರು ಎಳೆಯುತ್ತಿತ್ತು, ಕಂಬದ ಮೇಲಿನ ಡಿಶ್ ತಿರುಗುತ್ತಿತ್ತು. ತಾನು ಸೀರೆ ಹಿಡಿದಾಗೆಲ್ಲ ಸರಿಹೋದದ್ದು ಕನೆಕ್ಟರಿನಿಂದಲ್ಲ. ಮೂರು ಸಲ ಸೀರೆ ಕೈಯಲ್ಲೇ ಹಿಡಿದಿದ್ದವನು ತಾನು, ದೊಡ್ಡ ಸ್ಟೋರ್‌ಕೀಪರ್! ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ನಟ್ಟು ಬಿಗಿಯುವ ಹದಿಮೂರರ ಪಾನಾ ಹಿಡಿದು ತಾರಸಿಗೆ ಓಡಿದ. ಹಿಂದೆಯೇ ಕಾಶವ್ವ ಓಡಿಬಂದಳು.

"ಗುಡಿ ಇಳಸ್ತೀರೇನು? ಹೊತ್ತ ಮುಳುಗೋದರಾಗ ಇಳಸಬಾರದ್ರಿ! ವರ್ಷದ ಹಬ್ಬ!"

"ನಿನ್ನ ಹಾಡು ಬೇಕೋ, ಗುಡಿ ಬೇಕೋ?"

"ಎರಡೂ ಬೇಕು," ಎಂದಳು ಕಾಶವ್ವ. ಮೂವತ್ತೊಂದು ವರ್ಷದಲ್ಲಿ ಅವಳು ಹಾಗೆ ದನಿ ಎತ್ತಿದ್ದು ಅವನಿಗೆ ನೆನಪಿರಲಿಲ್ಲ. "ಹಗ್ಗ ಬಿಚ್ಚರಿ. ನಾ ಹಿಡಕೊಂಡು ನಿಲ್ಲತೀನಿ. ನಿಂತದ್ದು ನಿಂತಂಗ ಇರತದ."

ಮುಂಜಾನೆಯ ಹೆಮ್ಮೆಯ ಗಂಟು ಬಿಚ್ಚಲಿಲ್ಲ, ಕೊಯ್ಯಬೇಕಾಯಿತು. ಕಾಶವ್ವ ಸೆರಗು ಸಿಕ್ಕಿಸಿ, ಬಿದಿರನ್ನು ಎರಡೂ ಕೈಯಲ್ಲಿ ಅಪ್ಪಿ ನಿಂತಳು. ಕಾಡಪ್ಪ ಕಂಬ ನೋಡಿದ. ಡಿಶ್ ಕೂರಿಸಿದ ಹುಡುಗ ಗುರುತಿಗೆ ಎಳೆದಿದ್ದ ಗೆರೆಯಿಂದ, ಡಿಶ್ಶನ್ನು ಕಂಬಕ್ಕೆ ಬಿಗಿದ ಪಟ್ಟಿ ತುಸು ಸರಿದಿತ್ತು. ಹಿಂದಕ್ಕೆ ತಿರುಗಿಸಿದ.

"ಎಷ್ಟು?"

"ಮೂವತ್ತು!" ಕೆಳಗಿನಿಂದ ಮಾಧುರಿ.

ಕೂದಲೆಳೆಯಷ್ಟು ಸರಿಸಿ, ಬಾಕ್ಸು ಸಿಗ್ನಲ್ ಹಿಡಿಯಲೆಂದು ಕಾದ. "ಐವತ್ತೈದು!" ಮತ್ತೊಂದು ಎಳೆ. "ಎಂಬತ್ತೆರಡು! ಹಂಗ ಇರ್ರಿ!"

ಪಾನಾ ಹಾಕಿ ಬಿಗಿದ. ನಟ್ಟು ಸುಮ್ಮನೆ ಸುತ್ತತೊಡಗಿತು. ದಿನವಿಡೀ ಎಳೆದಾಡಿ ಬೋಲ್ಟಿನ ಆಟೆ, ನಟ್ಟು ಕಚ್ಚುವ ಸುರುಳಿಗೆರೆ, ಸವೆದುಹೋಗಿತ್ತು. ಕಾರ್ಖಾನೆಯಲ್ಲಿ ಅಂಥ ಬೋಲ್ಟು ಪೆಟ್ಟಿಗೆಗಟ್ಟಲೆ ಕಾಯುವವನ ಮನೆಯಲ್ಲಿ ಒಂದೂ ಇರಲಿಲ್ಲ. ಕೈಬಿಟ್ಟರೆ ಡಿಶ್ ಮೆಲ್ಲಗೆ ಜಾರುತ್ತಿತ್ತು. ಹಲ್ಲು ಕಚ್ಚಿ, ಡಿಶ್ಶನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ನೀ ಗುಡಿ ನನಗ ಕೊಟ್ಟು ಕೆಳಗ ಹೋಗ. ಐದಾತು."

ಒಂದು ಕೈಯಲ್ಲಿ ಡಿಶ್, ಇನ್ನೊಂದರಲ್ಲಿ ಬಿದಿರು. ಬೀಸಿದ ಗಾಳಿಗೆ ಬಿದಿರು ಅವನನ್ನೇ ಎಳೆದುಕೊಂಡು ಹೋಯಿತು. ಚಿತ್ರ ಹೋದದ್ದೇ ಕೆಳಗೆ ಹನ್ನೆರಡು ಬಾಯಿಗಳು ಒಟ್ಟಿಗೆ "ಗೇಲಾ! ಗೇಲಾ!" ಎಂದು ಚೀರಿದವು. ಕಾಶವ್ವ ಬಿದಿರು ಕಸಿದುಕೊಂಡಳು.

"ಇರ್ಲಿ ಬಿಡ್ರಿ," ಎಂದಳು. "ನನ್ನ ಮುಖ ನನಗೇನು ಹೊಸಾದಲ್ಲ. ಅವ್ರು ನೋಡಿದರ ಸಾಕು."

ಕಾಡಪ್ಪ ಡಿಶ್ಶನ್ನು ಮತ್ತೆ ಗೆರೆಗೆ ತಂದ. "ದಿಸಲಂ! ಹಲೂ ನಕಾ!" ಅಂಬಾಬಾಯಿಯ ಗಂಟಲು ತಾರಸಿಯವರೆಗೆ ಏರಿ ಬಂತು. ಕಂಡಿತಂತೆ, ಅಲುಗಬಾರದಂತೆ. ಅಲುಗುವುದು ಎಲ್ಲಿಂದ ಬಂತು? ಬಿಸಿಲಿಗೆ ತಗಡು ಕಾದು ಅಂಗೈ ಸುಡುತ್ತಿತ್ತು, ಮೂಗಿನ ತುದಿಯಲ್ಲಿ ಬೆವರು ತೂಗುತ್ತಿತ್ತು. ತೆರೆದ ಕಿಟಕಿಯಿಂದ ಹಾಡು ಬಂತು. ಒಬ್ಬಳು ಮುಗಿಸಿದಳು, ಇನ್ನೊಬ್ಬಳು. ಕಾಡಪ್ಪನ ಸಿಟ್ಟೆಲ್ಲ ನಟ್ಟಿನ ಮೇಲಿತ್ತು. ಹಾಡು ಅವನ ಕಿವಿಗೆ ಹತ್ತಲಿಲ್ಲ.

ಆಮೇಲೆ ಮತ್ತೊಂದು ದನಿ ಎದ್ದಿತು. ತುಸು ಒಡೆದ, ತುಂಬಿದ ದನಿ. ಮದುವಣಗಿತ್ತಿಯನ್ನು ಹೊಸಿಲು ದಾಟಿಸುವ ಪದ. ಎಲ್ಲಿಯೂ ಅವಸರವಿಲ್ಲ. ಏರಬೇಕಾದಲ್ಲಿ ಏರಿ, ತವರಿನ ಹೆಸರು ಬಂದಲ್ಲಿ ತಡೆದು, ಮತ್ತೆ ಇಳಿಯುತ್ತಿತ್ತು. ಕೆಳಗಿನ ಗದ್ದಲ ಅಡಗಿತು. ಕಾಡಪ್ಪ ಅಂಗೈಯ ಉರಿ ಮರೆತ. ಅವನ ಕಣ್ಣು ಒದ್ದೆಯಾಯಿತು. ಯಾಕೆಂದು ಅವನಿಗೇ ತಿಳಿಯಲಿಲ್ಲ.

"ಯಾರಕೀ? ಏನ ಹಾಡತಾಳ!" ಎಂದ. "ಇಕೀ ಆದ ಮ್ಯಾಲ ನಿನ್ನ ಪಾಳಿ ಬಂದರ ತ್ರಾಸ ಆಗತದ ನೋಡು. ನಿಂದು ಯಾವಾಗ?"

ಕಾಶವ್ವ ಬಿದಿರಿಗೆ ಕೆನ್ನೆ ಹಚ್ಚಿ ನಿಂತಿದ್ದಳು. ಅವನ ಕಡೆ ನೋಡಿದಳು.

"ನಾನ ರೀ ಅಕೀ."

ಮನೆಗೆ ಬಂದವನೇ ಟಿವಿ ಹಚ್ಚುತ್ತಿದ್ದವನು ಅವನು. ಅವಳು ಒಲೆಯ ಮುಂದೆ ಏನಾದರೂ ಗುನುಗಿದರೆ ಸುದ್ದಿ ಕೇಳುವುದಿಲ್ಲವೆಂದು ಟಿವಿಯ ದನಿ ಏರಿಸುತ್ತಿದ್ದವನು. ಕಾಡಪ್ಪನಿಗೆ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಎರಡೂ ಕೈ ಡಿಶ್ಶಿನ ಮೇಲಿದ್ದವು.

"ಕಾಶೀ..." ಎಂದು ಅವಳ ಕಡೆ ತಿರುಗಹೋದ.

"ಅಳ್ಳಾಡಬ್ಯಾಡ್ರಿ," ಎಂದಳು ಕಾಶವ್ವ. "ಪದದ್ದು ಇನ್ನೊಂದು ನುಡಿ ಅದ."