ಒಳ್ಳೆಯ ಕೈ ಹೇಳಿದ ಸುಳ್ಳು

ಗುರುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಕ್ಕ ತನ್ನ ಒಳ್ಳೆಯ ಕೈಯಿಂದ ಒಂದು ಸುಳ್ಳು ಹೇಳಿದಳು.

ಅಕ್ಕ ಎಂಬುದು ಡಿಪೋದವರು ಇಟ್ಟ ಹೆಸರು. ವಯಸ್ಸು ನಲವತ್ನಾಲ್ಕು. ಆಂಬುಲೆನ್ಸಿನಲ್ಲಿ ಸ್ಟ್ರೆಚರ್ ಹಿಡಿಯುವ ಕೆಲಸಕ್ಕೆ ಸೇರಿ ಹದಿನಾರು ವರ್ಷ. ಹತ್ತು ವಾರದ ಹಿಂದೆ ಆಸ್ಪತ್ರೆಯ ಒದ್ದೆ ಇಳಿಜಾರಿನಲ್ಲಿ ಕಾಲು ಜಾರಿ, ಅಂಗೈ ಊರಿ ಬಿದ್ದು, ಬಲ ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದಳು. ಆರು ವಾರ ಪ್ಲಾಸ್ಟರ್ ಇತ್ತು. ಅದನ್ನು ಬಿಚ್ಚಿ ನಾಲ್ಕು ವಾರವಾಗಿತ್ತು. ಮೂಳೆ ಕೂಡಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೆ ಕೈ ತನ್ನದು ಅನ್ನಿಸುತ್ತಿರಲಿಲ್ಲ. ಪ್ಲಾಸ್ಟರ್ ತೆಗೆದ ದಿನ ನೋಡಿದರೆ ತೋಳು ಬಾಡಿದ ಸೊಪ್ಪಿನ ದಂಟಿನಂತಿತ್ತು. ಹಲ್ಲುಜ್ಜುವ ಬ್ರಷ್ಷೂ ಬೆರಳ ಸಂದಿಯಿಂದ ಜಾರುತ್ತಿತ್ತು.

ಕಂಪನಿಯ ಕಾಗದದಲ್ಲಿ ಎರಡು ಮಾತು ಸ್ಪಷ್ಟವಾಗಿದ್ದವು. ಪೆಟ್ಟಾದ ಕೈಯ ಹಿಡಿತ ಇನ್ನೊಂದು ಕೈಯ ಹಿಡಿತದ ನೂರಕ್ಕೆ ಎಂಬತ್ತರಷ್ಟಾದರೂ ಇರಬೇಕು. ವಾಹನದ ಮೇಲಿನ ಜಾಗವನ್ನು ಹತ್ತು ವಾರ ಮಾತ್ರ ಕಾಯ್ದಿರಿಸಲಾಗುವುದು. ಸೋಮವಾರಕ್ಕೆ ಆ ಗಡುವು ಮುಗಿಯುತ್ತಿತ್ತು. ಆಮೇಲೆ ಆಕೆಗೆ ಕರೆ ಬರೆದುಕೊಳ್ಳುವ ಫೋನ್ ಮೇಜು. ಆಕೆಯ ಜಾಗ ಇನ್ನೊಬ್ಬರಿಗೆ.

ನಾಲ್ಕು ವಾರದಿಂದ ವ್ಯಾಯಾಮ ಕಲಿಸುತ್ತಿದ್ದ ಫಿಸಿಯೋ ಮೇಡಂ ಆ ಗುರುವಾರ ರಜೆಯಲ್ಲಿದ್ದರು. ಅವರ ಬದಲಿಗೆ ಬಂದಿದ್ದ ಯುವಕನಿಗೆ ನೆಗಡಿ. ಹೊರಗೆ ಬೆಂಚಿನ ಮೇಲೆ ಒಂಬತ್ತು ಜನ ಕಾಯುತ್ತಿದ್ದರು. ಹಳೆಯ ಅಳತೆಗಳಿದ್ದ ಕಾರ್ಡು ಮೇಡಂ ಅವರ ಬೀರುವಿನಲ್ಲಿತ್ತು, ಬೀರುವಿಗೆ ಬೀಗ. ಅವನು ಹೊಸ ಹಾಳೆ ತೆಗೆದು, ಹಿಡಿತ ಅಳೆಯುವ ಯಂತ್ರವನ್ನು ಮೇಜಿನ ಮೇಲಿಟ್ಟ.

"ನೆಟ್ಟಗೆ ಕೂತ್ಕೊಳ್ಳಿ. ಮೊಣಕೈ ಪಕ್ಕೆಗೆ ಅಂಟಿರಲಿ. ಮೊದ್ಲು ಒಳ್ಳೆ ಕೈ. ಎಷ್ಟಾಗತ್ತೋ ಅಷ್ಟು ಜೋರಾಗಿ ಹಿಂಡಿ."

ಅಕ್ಕ ಎಡಗೈಯಲ್ಲಿ ಯಂತ್ರ ಹಿಡಿದಳು. ಹಿಂದಿನ ವಾರ ಬಲಗೈ ಹದಿನೈದು ಕಿಲೋ ಒತ್ತಿತ್ತು. ಈ ವಾರ ಹದಿನಾರು ಬಂದೀತು. ಎಡಗೈಗೆ ಇಪ್ಪತ್ತೇಳು ಸಲೀಸು. ಹದಿನಾರನ್ನು ಇಪ್ಪತ್ತೇಳರ ಪಕ್ಕ ಇಟ್ಟರೆ ನೂರಕ್ಕೆ ಅರವತ್ತೂ ಬರುವುದಿಲ್ಲ ಎಂಬ ಲೆಕ್ಕ ತಲೆಯಲ್ಲಿ ತಾನಾಗಿಯೇ ನಡೆಯಿತು. ಮುಳ್ಳು ಹತ್ತು ದಾಟಿ, ಹದಿನೈದು ದಾಟಿ ಇಪ್ಪತ್ತಕ್ಕೆ ಬಂದಾಗ, ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ ಹಾಗೆ ಕೈಯನ್ನು ನಿಲ್ಲಿಸಿದಳು. ಮುಖ ಮಾತ್ರ ಕಿವುಚಿಕೊಂಡಿತ್ತು.

ಪ್ರತಿ ಕೈಗೂ ಮೂರು ಸಲ. ಎಡಗೈ: ಇಪ್ಪತ್ತು, ಇಪ್ಪತ್ತೊಂದು, ಹತ್ತೊಂಬತ್ತು. ಬಲಗೈ: ಹದಿನಾರು, ಹದಿನೇಳು, ಹದಿನಾರು. ಬಲಗೈ ಮಾತ್ರ ನಿಜ ಹೇಳಿತ್ತು, ಬೆವರು ಬರುವಷ್ಟು ಕಷ್ಟಪಟ್ಟು.

"ನೂರಕ್ಕೆ ಎಂಬತ್ತೊಂದು. ಪರವಾಗಿಲ್ವೇ!" ಯುವಕ ಸೀನಿ, ಸಹಿ ಹಾಕಿ, ಮೊಹರು ಒತ್ತಿ, ಮುಂದಿನವರನ್ನು ಕರೆದ.

ಮನೆಗೆ ಬರುವಷ್ಟರಲ್ಲಿ ಖುಷಿ ಕರಗಿ ಬೇರೆಯೇ ಒಂದು ಅವಸರ ಶುರುವಾಗಿತ್ತು. ಕಾಗದಕ್ಕೂ ಕೈಗೂ ನಡುವೆ ಇರುವ ಅಂತರವನ್ನು ಸೋಮವಾರದೊಳಗೆ ತುಂಬಿಬಿಡಬೇಕು. ಮೇಡಂ ಹೇಳಿಕೊಟ್ಟದ್ದು ಮಗುವಿಗೂ ಸಾಧ್ಯವಾಗುವ ಕೆಲಸಗಳು: ಕೈಯನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಇಡುವುದು, ತೋಳನ್ನು ಮೇಜಿನ ಮೇಲಿಟ್ಟು ಅಂಗೈಯನ್ನು ಅಂಚಿನಾಚೆ ಇಳಿಬಿಟ್ಟು ನಿಧಾನವಾಗಿ ಮೇಲೆ, ಕೆಳಗೆ ಆಡಿಸುವುದು, ಮೊಣಕೈ ಪಕ್ಕೆಗೆ ಒತ್ತಿಕೊಂಡು ಅಂಗೈಯನ್ನು ಆಕಾಶಕ್ಕೂ ನೆಲಕ್ಕೂ ತಿರುಗಿಸುವುದು, ಹೆಬ್ಬೆರಳನ್ನು ಒಂದೊಂದೇ ಬೆರಳ ತುದಿಗೆ ಮುಟ್ಟಿಸುವುದು, ಮೆತ್ತನೆಯ ಸ್ಪಂಜನ್ನು ಹತ್ತು ಸಲ ಹಿಂಡುವುದು. ಇಷ್ಟನ್ನು ದಿನಕ್ಕೆ ಮೂರು ಹೊತ್ತು. ಸ್ವಲ್ಪ ಎಳೆದ ಹಾಗಾಗಿ ತಾಸಿನೊಳಗೆ ತಣ್ಣಗಾದರೆ ಸರಿ. ಮಾರನೆಯ ದಿನವೂ ಊತ ಇದ್ದರೆ ಅತಿಯಾಗಿದೆ ಎಂದು ಅರ್ಥ.

ಅತ್ತೆಗೆ ಈ ವ್ಯಾಯಾಮಗಳೆಂದರೆ ಮೊದಲಿನಿಂದಲೂ ತಮಾಷೆ.

"ಅದೇನು ಕೈಯೋ, ಮಹಾರಾಣಿಯೋ? ಬಿಸಿನೀರು, ಮೆತ್ತನೆ ಸ್ಪಂಜು! ಬಕೆಟ್ ಎತ್ತು, ಎರಡು ದಿನದಲ್ಲಿ ದಾರಿಗೆ ಬರತ್ತೆ."

ಬೇರೆ ದಿನವಾಗಿದ್ದರೆ ಅಕ್ಕ "ನೀವೂ ಬನ್ನಿ ಅತ್ತೆ, ನಿಮ್ಮ ನಾಲಿಗೆಗೂ ಒಂದು ವ್ಯಾಯಾಮ ಕೇಳ್ಕೊಂಡು ಬರ್ತೀನಿ" ಎನ್ನುತ್ತಿದ್ದಳು. ಆ ದಿನ ಎದ್ದು ಹೋಗಿ ಬಕೆಟ್ ಎತ್ತಿದಳು. ಅರ್ಧ ತುಂಬಿದ ಬಕೆಟ್ಟನ್ನು ಬಚ್ಚಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ ಹತ್ತು ಸಲ ಒಯ್ದಳು. ಸ್ಪಂಜನ್ನು ಬದಿಗಿಟ್ಟು ಗಟ್ಟಿ ರಬ್ಬರ್ ಚೆಂಡು ಹುಡುಕಿ ಮುನ್ನೂರು ಸಲ ಹಿಂಡಿದಳು. ರಾತ್ರಿ ಊಟದ ಹೊತ್ತಿಗೆ ಮಣಿಕಟ್ಟು ಬನ್ನಿನಂತೆ ಉಬ್ಬಿತ್ತು. ಅತ್ತೆ ಅದನ್ನು ನೋಡಿದರು. ತಟ್ಟೆಯನ್ನು ತಾವೇ ಎತ್ತಿಕೊಂಡು ಹೋದರು.

ಶುಕ್ರವಾರ ಮಧ್ಯಾಹ್ನ ಅಕ್ಕ ಉದ್ದ ತೋಳಿನ ರವಿಕೆ ಹಾಕಿಕೊಂಡು ಡಿಪೋಗೆ ಹೋದಳು. ಮೇಲ್ವಿಚಾರಕರು ಕಾಗದ ಓದಿ, ಸೋಮವಾರದ ಪಟ್ಟಿಯಲ್ಲಿ ಆಕೆಯನ್ನು ಹಳೆಯ ವಾಹನಕ್ಕೇ ಬರೆದರು. ಆ ವಾಹನದ ಡ್ರೈವರು ಒಂಬತ್ತು ವರ್ಷದಿಂದ ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದವನು. ಉದ್ದಕ್ಕೆ, ಸಣ್ಣಗೆ ಇದ್ದುದರಿಂದ ಎಲ್ಲರಿಗೂ ಅವನು ಕಂಬ.

"ಬಾರಕ್ಕ, ಬಾ! ನೀನಿಲ್ದೆ ಹತ್ತು ವಾರ ಯಾರ್ಯಾರ್ ಜೊತೆಗೋ ಸಂಸಾರ ಮಾಡಿ ಸಾಕಾಗಿಹೋಯ್ತು. ಒಬ್ಬನಿಗೆ ಮೆಟ್ಟಿಲು ಕಂಡ್ರೆ ತಲೆ ಸುತ್ತು, ಇನ್ನೊಬ್ಬನಿಗೆ ರಕ್ತ ಕಂಡ್ರೆ."

"ನಿನ್ನ ಕಂಡ್ರೆ ಯಾರಿಗೂ ಸುತ್ತಲ್ಲ ಬಿಡು, ಹಿಡ್ಕೊಳ್ಳೋಕೆ ಕಂಬ ಇದೆಯಲ್ಲ."

ಅವನು ನಕ್ಕ. ಆಮೇಲೆ ಸ್ಟ್ರೆಚರ್ ಇಳಿಸಿದ. "ಸೋಮವಾರಕ್ಕೆ ಮುಂಚೆ ಒಂದ್ಸಲ ಮೆಟ್ಟಿಲು ಇಳಿದು ಬಿಡೋಣ. ಮರಳಿನ ಮೂಟೆ ಹಾಕ್ಕೊಂಡು."

"ಈಗ್ಯಾಕೋ?"

"ಪೇಷಂಟಿನ ಮೇಲೆ ಪ್ರಾಕ್ಟೀಸ್ ಮಾಡ್ತೀಯಾ?"

ಅಕ್ಕ ರವಿಕೆಯ ತೋಳು ಕೆಳಗೆಳೆದುಕೊಂಡು ಮೆಟ್ಟಿಲ ಕಡೆ ನಡೆದಳು. ಹದಿನೈದು ಕಿಲೋದ ನಾಲ್ಕು ಮೂಟೆಗಳನ್ನು ಮೇಲಿನ ಮಹಡಿಯಲ್ಲಿ ಸ್ಟ್ರೆಚರಿಗೇರಿಸಿದರು. ರೋಗಿಯ ಕಾಲು ಮುಂದಾಗಿ ಇಳಿಸುವುದು ಕ್ರಮ. ಕಾಲ ತುದಿ, ಅಂದರೆ ಕೆಳಗಿನ ತುದಿ, ಯಾವಾಗಲೂ ಅಕ್ಕನದು. ಇಳಿಯುವಾಗ ಭಾರ ಹೆಚ್ಚು ಬರುವುದೂ ಅಲ್ಲಿಗೇ. ಮೊದಲ ಆರು ಮೆಟ್ಟಿಲು ಸರಿಯಾಗಿಯೇ ಹೋದವು. ಹಲ್ಲು ಕಚ್ಚಿ, ಉಸಿರು ಹಿಡಿದು, ಎಡಗೈಯಿಂದಲೇ ಎರಡೂ ಕೈಯ ಕೆಲಸ ಮಾಡುತ್ತಿದ್ದಳು. ತಿರುವಿನಲ್ಲಿ ಸ್ಟ್ರೆಚರನ್ನು ಓರೆ ಮಾಡಬೇಕು. ಆಗ ಬಲ ಮಣಿಕಟ್ಟು ಹಿಂದಕ್ಕೆ ಬಾಗಬೇಕು, ಬಾಗಿಕೊಂಡೇ ಹಿಡಿದಿರಬೇಕು.

ಅದು ಬಾಗಲಿಲ್ಲ. ಮೊದಲು ಕಿರುಬೆರಳು ಬಿಟ್ಟಿತು, ಆಮೇಲೆ ಅದರ ಪಕ್ಕದ್ದು. ಬಿಡುತ್ತಿದೆ ಎಂದು ಆಕೆಗೆ ಗೊತ್ತಾಗುತ್ತಿತ್ತು. ಬಾಯಿಂದ "ಇಳಿಸು" ಎಂಬ ಮಾತು ಹೊರಡುವ ಮೊದಲೇ ಮೂಲೆ ಕುಸಿಯಿತು. ಮೂಟೆಗಳು ಒಂದರ ಹಿಂದೊಂದು ಜಾರಿ ಗೋಡೆಗೆ ಬಡಿದು ಕೆಳಗುರುಳಿದವು. ಒಂದು ಒಡೆದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಮರಳು ಸುರಿಯಿತು.

ಕಂಬ ತನ್ನ ತುದಿಯನ್ನು ನೆಲಕ್ಕಿಟ್ಟು ಇಳಿದು ಬಂದ. ಕೇಳದೆಯೇ ಅಕ್ಕನ ರವಿಕೆಯ ತೋಳು ಮೇಲೆ ಸರಿಸಿದ. ಊತ ನೋಡಿದ.

"ಇದು ನೂರಕ್ಕೆ ಎಂಬತ್ತೊಂದಾ?"

"ಹೂಂ."

"ಅಕ್ಕ, ನನ್ನ ಮುಖ ನೋಡಿ ಹೇಳು."

ಆಕೆ ಮರಳು ನೋಡುತ್ತ ಹೇಳಿದಳು. "ಎಡಗೈ ಕಡಿಮೆ ಹಿಂಡ್ದೆ."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಗು ಬಂದೇಬಿಟ್ಟಿತು. "ಅಬ್ಬಾ ನಿನ್ನ ಬುದ್ಧಿಯೇ! ಓಡೋ ಕುದುರೆ ಕಾಲು ಕಟ್ಟಿ ಕುಂಟು ಕುದುರೆನ ಗೆಲ್ಲಿಸ್ದೆ." ನಗು ಅಲ್ಲಿಗೇ ನಿಂತಿತು. "ಕಳೆದ ವಾರ ಇದೇ ಥರದ ತಿರುವಲ್ಲಿ ಒಬ್ಬ ಅಜ್ಜಿನ ಇಳಿಸ್ದೆ. ಕಣ್ಣು ಮುಚ್ಕೊಂಡು ನನ್ನ ತೋಳು ಹಿಡ್ಕೊಂಡಿದ್ರು."

"ಜಾಗ ಹೋಗತ್ತೆ ಕಣೋ. ಹದಿನಾರು ವರ್ಷ."

"ಗೊತ್ತು."

"ಇನ್ನೊಂದು ತಿಂಗಳು ಸಿಕ್ಕಿದ್ರೆ ಸರಿಹೋಗ್ತಿತ್ತು. ಅವರ ಹತ್ತು ವಾರಕ್ಕೂ ನನ್ನ ಮೂಳೆಗೂ ಏನು ಸಂಬಂಧ?"

"ಏನೂ ಇಲ್ಲ. ಆ ರೂಲು ಸರಿ ಅಂತ ನಾನು ಹೇಳ್ತಿಲ್ಲ. ಮೇಲ್ವಿಚಾರಕರಿಗೆ ನನ್ನ ಬಾಯಿಂದ ಏನೂ ಹೋಗಲ್ಲ, ಹೇಳೋದಿದ್ರೆ ನೀನೇ ಹೇಳು." ಅವನು ಒಡೆದ ಮೂಟೆ ಎತ್ತಿ ಹೆಗಲಿಗೆ ಹಾಕಿಕೊಂಡ. "ಆದ್ರೆ ಸೋಮವಾರ ನೀನು ಈ ತುದಿ ಹಿಡಿದ್ರೆ, ಆ ತುದಿ ನಾನು ಹಿಡಿಯಲ್ಲ."

ಇಬ್ಬರೂ ಸೇರಿ ಮೆಟ್ಟಿಲು ಗುಡಿಸಿದರು. ಪೊರಕೆಯನ್ನು ಅಕ್ಕ ಎಡಗೈಯಲ್ಲಿ ಹಿಡಿದಿದ್ದಳು.

ಶನಿವಾರ ಒಂಬತ್ತಕ್ಕೆ ಫಿಸಿಯೋ ಮೇಡಂ ಬಾಗಿಲು ತೆಗೆದಾಗ ಅಕ್ಕ ಬೆಂಚಿನ ಮೇಲೆ ಮೊದಲನೆಯವಳಾಗಿ ಕೂತಿದ್ದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮೇಡಂ ಮೊದಲು ಕೈ ನೋಡಿದರು. ಮೂಳೆಯ ಮೇಲೆ ಬೆರಳಿನಿಂದ ಒತ್ತುತ್ತ ಹೋದರು, ಬೆರಳು ಮಡಚಿಸಿದರು, ಜೋಮು ಹಿಡಿದಿದೆಯೇ ಎಂದು ಕೇಳಿದರು. ಖಾತ್ರಿಗೆ ಎಕ್ಸ್-ರೇಗೂ ಕಳಿಸಿದರು. ಮೂಳೆ ಕದಲಿರಲಿಲ್ಲ, ಅತಿಯಾಗಿ ಎಳೆದದ್ದರಿಂದ ಬಂದ ಊತ ಅದು.

ಆಮೇಲೆ ಹಳೆಯ ಕಾರ್ಡು ತೆಗೆದರು. ಎಡಗೈಯ ಮುಂದೆ ಇಪ್ಪತ್ತೇಳು ಎಂದು ಅವರದೇ ಅಕ್ಷರದಲ್ಲಿತ್ತು.

"ಗುರುವಾರ ನಾನಿದ್ದಿದ್ರೆ, ನಿಮ್ಮ ಎಡಗೈಗೆ ಏನಾಯ್ತು ಅಂತ ಕೇಳ್ತಿದ್ದೆ," ಎಂದರು. "ಸುಳ್ಳು ಹೇಳಿದ್ದಕ್ಕಿಂತ ಬಕೆಟ್ ಎತ್ತಿದ್ದಕ್ಕೇ ನಂಗೆ ಹೆಚ್ಚು ಸಿಟ್ಟು. ಆರು ವಾರ ಅಲುಗಾಡದ ಕೀಲು ಅದು. ಬೈದ್ರೆ, ಹೊಡೆದ್ರೆ ಬಗ್ಗಲ್ಲ, ಇನ್ನೂ ಮೊಂಡಾಗತ್ತೆ. ಒಂದು ವಾರ ಹಿಂದೆ ಹೋದ್ವಿ ಈಗ. ಊತ ಇಳಿಯೋವರೆಗೂ ಹಿಂಡೋದು ಬೇಡ. ಬರೀ ಆಡಿಸೋದು, ಅದೂ ನೋವಾಗದ ಹಾಗೆ."

"ಎಂಬತ್ತು ಯಾವಾಗ ಬರತ್ತೆ ಮೇಡಂ?"

"ಎರಡು ತಿಂಗಳೋ, ಮೂರೋ. ಕೆಲವರಿಗೆ ಇನ್ನೂ ಜಾಸ್ತಿ. ದಿನಾಂಕ ಕೇಳಬೇಡಿ, ನನ್ನ ಹತ್ರ ಇಲ್ಲ."

"ಅಷ್ಟು ಹೊತ್ತಿಗೆ ಜಾಗ ಇರಲ್ಲ."

ಮೇಡಂ ಯಂತ್ರವನ್ನು ಅಕ್ಕನ ಎಡಗೈಗೆ ಕೊಟ್ಟು, "ಪೂರ್ತಿ ಹಿಂಡಿ," ಎಂದರು. ಇಪ್ಪತ್ತೆಂಟು ಬಂತು. ಅದನ್ನು ಹೊಸ ಕಾಗದದಲ್ಲಿ ಬರೆದು, ಬಲಗೈಯ ಮುಂದೆ ಗುರುವಾರದ ಹದಿನಾರನ್ನೇ ಬರೆದು, ಹಳೆಯ ಕಾಗದ ರದ್ದಾಗಿದೆ ಎಂದು ಕೆಳಗೆ ಒಂದು ಸಾಲು ಸೇರಿಸಿದರು.

ಹೊಸ ಕಾಗದವನ್ನು ಅಕ್ಕ ತಾನೇ ಒಯ್ದು ಮೇಲ್ವಿಚಾರಕರ ಮೇಜಿನ ಮೇಲಿಟ್ಟಳು. ಅವರು ಎರಡು ಸಲ ಓದಿದರು. ಆಕೆಯ ಮಣಿಕಟ್ಟು ನೋಡಿದರು. ಪಟ್ಟಿಯಲ್ಲಿದ್ದ ಹೆಸರನ್ನು ಹೊಡೆದುಹಾಕಿದರು.

ಸೋಮವಾರ ಬೆಳಿಗ್ಗೆ ಆರಕ್ಕೆ, ಬೇರೆ ಡಿಪೋದಿಂದ ಬಂದ ಹೆಂಗಸೊಬ್ಬಳು ಕಂಬನ ವಾಹನ ಹತ್ತಿದಳು. ಅಕ್ಕ ಫೋನ್ ಮೇಜಿನ ಮುಂದೆ ಕೂತಳು. ಮೊದಲ ಕರೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಬಂತು: ಮೂರನೆಯ ಮಹಡಿ, ಎದೆನೋವು, ಲಿಫ್ಟ್ ಇಲ್ಲ. ಆಕೆ ವಿಳಾಸವನ್ನು ಎರಡು ಸಲ ಕೇಳಿ ಬರೆದುಕೊಂಡು, ಕಂಬನ ವಾಹನವನ್ನು ಕಳಿಸಿದಳು.